ಮಾಕ್ ಇಂಟರ್‌ವ್ಯೂ ಆಯ್ತು, ಜೂನಿಯರ್‌ಗೆ ಈಗ ಏನು ಬರೆದು ಕಳಿಸಲಿ?

ನೇರಳೆ ಮಾರ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಜೂನಿಯರ್ ಒಬ್ಬ ವಿಜಯನಗರದ ಪಿಜಿಯಲ್ಲಿ ಇದ್ದುಕೊಂಡು ಕೆಲಸ ಹುಡುಕುತ್ತಿದ್ದಾನೆ. ಮುಂದಿನ ವಾರ ಅವನಿಗೆ ಒಂದು ಕಂಪನಿಯಲ್ಲಿ ಕೋಡಿಂಗ್ ರೌಂಡ್ ಇದೆ. ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ 45 ನಿಮಿಷದ ಮಾಕ್ ತಗೊಂಡೆ. ಕೇಳಿದ ಪ್ರಶ್ನೆ ಎಲ್ಲರಿಗೂ ಗೊತ್ತಿರುವಂಥದ್ದೇ: ಒಂದು ಸ್ಟ್ರಿಂಗ್ ಕೊಟ್ಟರೆ, ಯಾವ ಅಕ್ಷರವೂ ಎರಡು ಸಲ ಬರದ ಅತಿ ಉದ್ದದ ತುಂಡು ಎಷ್ಟು ಉದ್ದ ಇದೆ ಅಂತ ಹೇಳಬೇಕು.

ಪೂರ್ತಿ ಸರಿಯಾಗಿ ಮಾಡಲಿಲ್ಲ. ಕಾಲ್ ಮುಗಿದ ತಕ್ಷಣ "ಅಣ್ಣ, ಪಾಸಾ ಫೇಲಾ?" ಅಂತ ಕೇಳಿದ. ನಾಳೆ ಬರೆದು ಕಳಿಸುತ್ತೇನೆ ಅಂದೆ. ಈಗ ಇಷ್ಟು ಬರೆದಿದ್ದೇನೆ:

ಕಮ್ಯುನಿಕೇಶನ್ ಇನ್ನೂ ಚೆನ್ನಾಗಿ ಆಗಬೇಕು. ಕಾನ್ಫಿಡೆನ್ಸ್ ಕಡಿಮೆ ಇದೆ. ಎಡ್ಜ್ ಕೇಸ್ ನೋಡು. ಸ್ಲೈಡಿಂಗ್ ವಿಂಡೋ ಇನ್ನೂ ಪ್ರಾಕ್ಟೀಸ್ ಮಾಡು. ಇಂಗ್ಲಿಷ್ ಕಡೆ ಗಮನ ಕೊಡು.

ಎಲ್ಲವೂ ನಿಜವೇ. ಆದರೆ ಇದನ್ನು ಓದಿ ಅವನು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ನನಗೇ ಗೊತ್ತಾಗುತ್ತಿಲ್ಲ. ನೀವಾದರೆ ಹೇಗೆ ಬರೆಯುತ್ತಿದ್ದಿರಿ?

ಬನಶಂಕರಿ ಬಸ್

ಮೊದಲು ಒಂದು ಒಳ್ಳೆ ಮಾತು, ನಡುವೆ ತಪ್ಪು, ಕೊನೆಗೆ ಮತ್ತೆ ಒಂದು ಒಳ್ಳೆ ಮಾತು. ನಮ್ಮ ಆಫೀಸಿನ ಟ್ರೇನಿಂಗ್‌ನಲ್ಲಿ ಇದನ್ನೇ ಹೇಳಿಕೊಟ್ಟಿದ್ದು. ಹುಡುಗ ಹೊಸಬ, ಇಂಟರ್‌ವ್ಯೂಗೆ ಒಂದು ವಾರ ಮುಂಚೆ ಮನಸ್ಸು ಕುಗ್ಗಬಾರದು. ನಿಮ್ಮ ಪಟ್ಟಿಯಲ್ಲಿ ಒಂದೂ ಒಳ್ಳೆ ಮಾತಿಲ್ಲ ನೋಡಿ. ಮೇಲೆ ಕೆಳಗೆ ಎರಡು ಸಾಲು ಸೇರಿಸಿ ಕಳಿಸಿ, ಸಾಕು.

ಜಯನಗರ 4ನೇ ಬ್ಲಾಕ್

ನಾನು ಆಫೀಸಿನಲ್ಲಿ ಹಲವು ವರ್ಷದಿಂದ ಕೋಡಿಂಗ್ ರೌಂಡ್ ತಗೊಳ್ಳುತ್ತಿದ್ದೇನೆ. ಪರಿಚಯದವರ ಮಕ್ಕಳಿಗೆ ಮಾಕ್ ಕೂಡ ಮಾಡುತ್ತೇನೆ.

ನೀವು ಬರೆದ ಐದು ಸಾಲನ್ನು ಹೆಸರು ಬದಲಾಯಿಸಿ ಬೆಂಗಳೂರಿನ ಯಾವ ಪಿಜಿಯ ಯಾವ ಹುಡುಗನಿಗೆ ಕಳಿಸಿದರೂ ಹೊಂದುತ್ತದೆ. ತೊಂದರೆ ಇರೋದೇ ಅಲ್ಲಿ. ನಿನ್ನೆ ರಾತ್ರಿ ಆ 45 ನಿಮಿಷದಲ್ಲಿ ನಡೆದದ್ದು ಒಂದೂ ಅದರಲ್ಲಿಲ್ಲ. ಮೇಲೆ ಕೆಳಗೆ ಹೊಗಳಿಕೆ ಸೇರಿಸಿದರೂ ಅಷ್ಟೇ.

ಯಾವ ನಿಮಿಷದಲ್ಲಿ ಏನಾಯ್ತು ಅಂತ ನೆನಪಿದ್ದಷ್ಟು ಹಾಕಿ. ಅವನು ಬರೆದ ಕೋಡ್ ಇದ್ದರೆ ಅದನ್ನೂ ಹಾಕಿ. ಆಮೇಲೆ ಮಾತಾಡೋಣ.

ನೇರಳೆ ಮಾರ್ಗ

ಕಾಲ್ ನಡೆಯುವಾಗ ಪಕ್ಕದಲ್ಲೇ ಟೈಮ್ ಗುರುತು ಹಾಕಿಕೊಂಡಿದ್ದೆ, ಹಾಗಾಗಿ ಹೇಳಬಲ್ಲೆ.

ಮೂರನೇ ನಿಮಿಷಕ್ಕೆ ಪ್ರಶ್ನೆ ಓದಿ ಮುಗಿಸಿದ. ಏನೂ ಕೇಳದೆ ನೇರ ಟೈಪ್ ಮಾಡಲು ಶುರು ಮಾಡಿದ. ಹನ್ನೊಂದನೇ ನಿಮಿಷದ ಹೊತ್ತಿಗೆ ಬ್ರೂಟ್ ಫೋರ್ಸ್ ಮುಗಿದಿತ್ತು, ಸರಿಯಾಗಿ ಓಡಿತು. ಇದು ನಿಧಾನ, ದೊಡ್ಡ ಸ್ಟ್ರಿಂಗ್‌ಗೆ ಆಗಲ್ಲ ಅಂತ ಅವನೇ ಹೇಳಿದ. ಇದಕ್ಕಿಂತ ಬೇಗ ಮಾಡಬಹುದಾ ಅಂತ ಕೇಳಿದೆ. ಅಲ್ಲಿಂದ 19ನೇ ನಿಮಿಷದವರೆಗೂ ಒಂದು ಮಾತಿಲ್ಲ. ಕೊನೆಗೆ ನಾನೇ "ಒಂದು ಅಕ್ಷರ ಹಿಂದೆ ಎಲ್ಲಿ ಬಂದಿತ್ತು ಅಂತ ನೆನಪಿಟ್ಟುಕೊಂಡರೆ?" ಅಂದೆ. ಆಮೇಲೆ ಚಕಚಕ ಬರೆದ. 31ನೇ ನಿಮಿಷಕ್ಕೆ `abcabcbb` ಹಾಕಿ ಓಡಿಸಿದ, 3 ಬಂತು. "ಆಯ್ತು ಅಣ್ಣ" ಅಂದ. ನಾನು `abba` ಹಾಕು ಅಂದೆ. 2 ಬರಬೇಕಿತ್ತು, 3 ಬಂತು. ಅಲ್ಲಿಂದ 42ರವರೆಗೆ ಒಂದು ಕಡೆ `+1` ತೆಗೆಯೋದು, ಇನ್ನೊಂದು ಕಡೆ ಹಾಕೋದು, ಮತ್ತೆ ಓಡಿಸೋದು. ಸಮಯ ಮುಗಿಯಿತು.

ಕೋಡ್:

```python
def longest(s):
    last = {}
    left = 0
    best = 0
    for i, c in enumerate(s):
        if c in last:
            left = last[c] + 1
        last[c] = i
        best = max(best, i - left + 1)
    return best
```

ಬೆಣ್ಣೆ ದೋಸೆ

ಫೀಡ್‌ಬ್ಯಾಕ್ ವಿಷಯ ಬಂತು ಅಂತ ಕೇಳುತ್ತೇನೆ. ನನಗೆ ಮೂರು ರೌಂಡ್ ಆಗಿ "ಮುಂದೆ ತಿಳಿಸುತ್ತೇವೆ" ಅಂದರು, ಆಮೇಲೆ ಸುದ್ದಿಯೇ ಇಲ್ಲ. ಎರಡು ಸಲ ಮೇಲ್ ಹಾಕಿದೆ. ಎಲ್ಲಿ ತಪ್ಪಾಯ್ತು ಅಂತ ಕಂಪನಿಯವರಿಂದ ಹೇಳಿಸಿಕೊಳ್ಳೋದು ಹೇಗೆ?

ಜಯನಗರ 4ನೇ ಬ್ಲಾಕ್

ಬೆಣ್ಣೆ ದೋಸೆ ಅವರೇ, ಇಲ್ಲಿ ಕೇಳುತ್ತಿರೋದು ಮಾಕ್ ಆದಮೇಲೆ ನಾವು ಏನು ಹೇಳಬೇಕು ಅಂತ. ಕಂಪನಿಗಳು ಬಹಳ ಸಲ ಕಾರಣ ಹೇಳುವುದಿಲ್ಲ. ಮಾಕ್ ಆದಮೇಲೆ ಸ್ನೇಹಿತರು ಸರಿಯಾಗಿ ಹೇಳಬೇಕು ಅನ್ನೋದು ಅದಕ್ಕೇ. ನಿಮ್ಮ ಮೂರು ರೌಂಡ್‌ನಲ್ಲಿ ಕೇಳಿದ ಪ್ರಶ್ನೆಗಳು ನೆನಪಿದ್ದರೆ ಯಾರನ್ನಾದರೂ ಕೂರಿಸಿಕೊಂಡು ಅವನ್ನೇ ಮತ್ತೆ ಮಾಡಿ, ಸ್ವಲ್ಪವಾದರೂ ಗೊತ್ತಾಗುತ್ತದೆ.

ಈಗ ನೇರಳೆ ಮಾರ್ಗ ಅವರಿಗೆ. ನಿಮ್ಮ ಈ ಎರಡನೇ ಪೋಸ್ಟ್ ಮೊದಲನೆಯದಕ್ಕಿಂತ ಎಷ್ಟೋ ಒಳ್ಳೆಯ ಫೀಡ್‌ಬ್ಯಾಕ್. ಇದರಲ್ಲಿ ಅವನು ಒಪ್ಪದೇ ಇರುವಂಥದ್ದು ಏನೂ ಇಲ್ಲ. "ಕಾನ್ಫಿಡೆನ್ಸ್ ಕಡಿಮೆ" ಅಂದರೆ ಅವನು ವಾದ ಮಾಡಬಹುದು, ಇಲ್ಲ ಸುಮ್ನೆ ಬೇಜಾರು ಮಾಡಿಕೊಳ್ಳಬಹುದು. "11ರಿಂದ 19ರವರೆಗೆ ನೀನು ಮಾತಾಡಲಿಲ್ಲ" ಅಂದರೆ ವಾದಕ್ಕೆ ಜಾಗವೇ ಇಲ್ಲ. ಅದು ನಡೆದದ್ದು.

ಆದರೆ ಬರೆಯೋ ಮುಂಚೆ ಒಂದು ಕೆಲಸ ಮಾಡಿ. ಆ ಎಂಟು ನಿಮಿಷ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಅವನನ್ನೇ ಕೇಳಿ. ನಿಮ್ಮ ಊಹೆ ಮೊದಲು ಹೇಳಬೇಡಿ, ಹೇಳಿದರೆ "ಹೌದಣ್ಣ" ಅಂದುಬಿಡುತ್ತಾನೆ. ಹೊರಗಿನಿಂದ ನೋಡಿದರೆ ಮೌನ ಒಂದೇ ಥರ ಕಾಣುತ್ತದೆ. ಒಳಗೆ ಬೇರೆ ಬೇರೆ ಇರುತ್ತದೆ. ಐಡಿಯಾನೇ ಬರದೆ ಇರಬಹುದು. ಐಡಿಯಾ ಬಂದು, ತಪ್ಪಾದರೆ ಅಂತ ಹೆದರಿ ನುಂಗಿಕೊಂಡಿರಬಹುದು. ಹೇಳಬೇಕು ಅಂತಿದ್ದು ಇಂಗ್ಲಿಷ್‌ನಲ್ಲಿ ವಾಕ್ಯ ಸಿಗದೆ ಇರಬಹುದು. ಮೂರಕ್ಕೂ ಬೇರೆ ಬೇರೆ ಮದ್ದು. ನೀವು "ಸ್ಲೈಡಿಂಗ್ ವಿಂಡೋ ಪ್ರಾಕ್ಟೀಸ್ ಮಾಡು" ಅಂತ ಬರೆದಿರೋದು ಮೊದಲನೆಯದಕ್ಕೆ ಮಾತ್ರ ಆಗುತ್ತದೆ.

ಇನ್ನೊಂದು. 19ನೇ ನಿಮಿಷದಲ್ಲಿ ನೀವು ಹೇಳಿದ್ದು ಸಣ್ಣ ಹಿಂಟ್ ಅಲ್ಲ, ಈ ಪ್ರಶ್ನೆಯ ಜೀವವೇ ಅದು. ನಮಗೆ ಉತ್ತರ ಗೊತ್ತಿರುತ್ತದೆ, ಎದುರಿಗೆ ಇರುವವನು ನಮ್ಮ ಹುಡುಗ, ಬಾಯಿಗೆ ಬಂದುಬಿಡುತ್ತದೆ. ಅದು ಸರಿಯೇ, ಇಲ್ಲದಿದ್ದರೆ ಉಳಿದ ಅರ್ಧ ಗಂಟೆ ಹಾಳಾಗುತ್ತಿತ್ತು. ಆದರೆ ಆ ಐಡಿಯಾ ನಾನು ಕೊಟ್ಟದ್ದು ಅಂತ ಅವನಿಗೆ ಬರೆದು ತಿಳಿಸಿ. ಇಲ್ಲದಿದ್ದರೆ "ಅರ್ಧ ಗಂಟೆಯಲ್ಲಿ ಫಾಸ್ಟ್ ಸೊಲ್ಯೂಷನ್ ಬರೆದೆ" ಅಂತ ಅವನ ಲೆಕ್ಕದಲ್ಲಿ ಉಳಿಯುತ್ತದೆ. ನಿಜವಾದ ರೌಂಡ್‌ನಲ್ಲಿ ಇಂಟರ್‌ವ್ಯೂ ಮಾಡುವವರು ಎಷ್ಟು ಹಿಂಟ್ ಕೊಡಬೇಕಾಯ್ತು ಅನ್ನೋದನ್ನು ಬರೆದುಕೊಳ್ಳುತ್ತಾರೆ.

ಇನ್ನು `abba`. "ಎಡ್ಜ್ ಕೇಸ್ ನೋಡು" ಅಂದರೆ ಅವನು ಖಾಲಿ ಸ್ಟ್ರಿಂಗ್, ಒಂದೇ ಅಕ್ಷರದ ಸ್ಟ್ರಿಂಗ್ ಹಾಕಿ ನೋಡುತ್ತಾನೆ. ಎರಡಕ್ಕೂ ಈ ಕೋಡ್ ಸರಿ ಉತ್ತರವನ್ನೇ ಕೊಡುತ್ತದೆ. ಅವನ ತಪ್ಪು ಬೇರೆ. ಕೈಯಲ್ಲಿ ಡ್ರೈ ರನ್ ಮಾಡಿದರೆ ಕಾಣುತ್ತದೆ:

```
i  c  last[c]  left  i-left+1
0  a  -        0     1
1  b  -        0     2
2  b  1        2     1
3  a  0        1     3
```

ಕೊನೆಯ ಸಾಲು ನೋಡಿ. `left` 2ರಲ್ಲಿ ಇತ್ತು, 1ಕ್ಕೆ ವಾಪಸ್ ಹೋಯಿತು. ವಿಂಡೋದ ಎಡತುದಿ ಯಾವತ್ತೂ ಹಿಂದಕ್ಕೆ ಹೋಗಬಾರದು. ಹಳೆಯ `a` ಆಗಲೇ ವಿಂಡೋದಿಂದ ಆಚೆ ಬಿದ್ದಿದೆ, ಆದರೂ ಕೋಡ್ ಅದನ್ನು ಲೆಕ್ಕಕ್ಕೆ ಹಿಡಿಯಿತು. `abcabcbb` ಹಾಕಿದಾಗ `left` ಒಂದು ಸಲವೂ ಹಿಂದೆ ಹೋಗುವುದಿಲ್ಲ, ಹಾಗಾಗಿ ತಪ್ಪು ಅಡಗಿಕೊಂಡಿತ್ತು.

ನಾಲ್ಕು ಸಾಲಿನ ಟೇಬಲ್, ಎರಡು ನಿಮಿಷದ ಕೆಲಸ. ಅವನು ಅದರ ಬದಲು ಹನ್ನೊಂದು ನಿಮಿಷ `+1` ಜೊತೆ ಗುದ್ದಾಡಿದ. ಹೇಳಬೇಕಾದದ್ದು ಅದನ್ನು. ಸರಿಪಡಿಸೋದು ಹೇಗೆ ಅಂತ ನೀವು ಹೇಳಿಕೊಡಬೇಡಿ. ಖಾಲಿ ಟೇಬಲ್ ಕಳಿಸಿ, ತುಂಬು ಅನ್ನಿ. ನಾಲ್ಕನೇ ಸಾಲಿಗೆ ಬಂದಾಗ ಅವನೇ `max` ಹಾಕುತ್ತಾನೆ.

ಕೋರಮಂಗಲ ಕ್ಯಾಬ್

ಇಷ್ಟೆಲ್ಲ ಸರಿ. ಆದರೆ ಹುಡುಗ ಕೇಳಿದ್ದು ಪಾಸಾ ಫೇಲಾ ಅಂತ. ಅದಕ್ಕೆ ಉತ್ತರ ಕೊಡಿ. ಈ ರೌಂಡ್ ಫೇಲ್. ಫಾಸ್ಟ್ ಐಡಿಯಾ ಅವನದಲ್ಲ, ಕೋಡ್ ತಪ್ಪು. ನೇರವಾಗಿ ಹೇಳದೆ ಸುತ್ತಿ ಬಳಸಿ ಟೈಮ್ ಲೈನ್ ಕಳಿಸಿದರೆ "ಪರವಾಗಿಲ್ಲ, ಹತ್ತಿರ ಬಂದಿದ್ದೇನೆ" ಅಂದುಕೊಂಡು ಮುಂದಿನ ವಾರ ಹೋಗಿ ಕೂರುತ್ತಾನೆ. ನನ್ನ ಮಟ್ಟಿಗೆ ಅದು ಅನ್ಯಾಯ.

ಬನಶಂಕರಿ ಬಸ್

ಅಣ್ಣ ಅಂತ ಕರೆಯೋ ಹುಡುಗನಿಗೆ ಫೇಲ್ ಅನ್ನೋದಾ? ನಾನಂತೂ ಹೇಳಲ್ಲ. ಒಂದು ವಾರ ಅದೇ ಮಾತು ತಲೆಯಲ್ಲಿ ಕೂರುತ್ತದೆ. ನಿಮ್ಮ ಟೇಬಲ್ ಗೀಬಲ್ ಯಾವುದೂ ಒಳಗೆ ಹೋಗಲ್ಲ.

ಜಯನಗರ 4ನೇ ಬ್ಲಾಕ್

ಅವನಾಗಿಯೇ ಕೇಳಿದ್ದಾನೆ, ಹಾಗಾಗಿ ನಾನಾದರೆ ಹೇಳುತ್ತಿದ್ದೆ. ಆದರೆ "ಫೇಲ್" ಅನ್ನೋ ಒಂದೇ ಪದ ಅಲ್ಲ. "ನಿನ್ನೆಯ ರೌಂಡ್ ನನ್ನ ಆಫೀಸಿನಲ್ಲಿ ನಡೆದಿದ್ದರೆ ನಾನು ಮುಂದಕ್ಕೆ ಕಳಿಸುತ್ತಿರಲಿಲ್ಲ, ಕಾರಣ ಇದು" ಅನ್ನುತ್ತಿದ್ದೆ. ಅವನು ಹೋಗುವ ಕಂಪನಿಯ ಗೆರೆ ಎಲ್ಲಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರುವ ಹಾಗೆ ತೀರ್ಪು ಕೊಡೋದು ಬೇಡ.

ಬನಶಂಕರಿ ಅವರೇ, ನಿಮ್ಮ ಮಾತಿನಲ್ಲಿ ಒಂದು ಭಾಗ ಒಪ್ಪುತ್ತೇನೆ. ಚೆನ್ನಾಗಿ ಮಾಡಿದ್ದನ್ನು ಹೇಳಲೇಬೇಕು. ಸಮಾಧಾನಕ್ಕೆ ಅಲ್ಲ. ಅವನು ಮೊದಲು ಬ್ರೂಟ್ ಫೋರ್ಸ್ ಬರೆದು ಓಡಿಸಿದ, ಅದು ನಿಧಾನ ಅಂತ ಕೇಳದೆಯೇ ಹೇಳಿದ. ಇದು ಒಳ್ಳೆಯ ಅಭ್ಯಾಸ. ಯಾರೂ ಹೇಳದೆ ಇದ್ದರೆ, "ಅಷ್ಟು ಹೊತ್ತು ವೇಸ್ಟ್ ಆಯ್ತು, ಮುಂದಿನ ಸಲ ನೇರ ಫಾಸ್ಟ್ ಕೋಡ್‌ಗೆ ಹೋಗುತ್ತೇನೆ" ಅಂತ ಅವನು ಅದನ್ನೇ ಬಿಟ್ಟುಬಿಡಬಹುದು. ಹಾಗಾಗಿ ಆ ಮಾತೂ ನಿಮಿಷದ ಸಮೇತ ಇರಲಿ. ಸುಮ್ನೆ "ಚೆನ್ನಾಗಿ ಪ್ರಯತ್ನ ಮಾಡಿದೆ" ಅನ್ನೋದು ಬೇಡ.

ತುಮಕೂರು ರಸ್ತೆ

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಮಾಕ್ ತಗೊಳ್ಳೋ ಕೆಲಸವೂ ಇರುತ್ತದೆ. ಆ ಎಂಟು ನಿಮಿಷದ ಬಗ್ಗೆ ಒಂದು ಮಾತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಯೋಚನೆ ನಡೆಯುತ್ತಿರುತ್ತದೆ, ಆದರೆ ಯೋಚಿಸುತ್ತಲೇ ಇಂಗ್ಲಿಷ್ ವಾಕ್ಯವನ್ನೂ ಕಟ್ಟಬೇಕು. ಎರಡೂ ಒಟ್ಟಿಗೆ ಆಗಲ್ಲ, ಮಾತು ನಿಂತುಹೋಗುತ್ತದೆ. ನೋಡುವವರು "ಕಮ್ಯುನಿಕೇಶನ್ ವೀಕ್" ಅಂತ ಬರೆದುಬಿಡುತ್ತಾರೆ.

ನಾನು ಮಾಡೋದು ಇಷ್ಟು. ಅಂಥದ್ದೇ ಇನ್ನೊಂದು ಪ್ರಶ್ನೆ ಕೊಟ್ಟು, ಮೊದಲ ಐದು ನಿಮಿಷ ಕನ್ನಡದಲ್ಲೇ ಮಾತಾಡು ಅನ್ನುತ್ತೇನೆ. ಆಗ ಮಾತು ಹೊಳೆಯ ಹಾಗೆ ಹರಿದರೆ ತೊಂದರೆ ಭಾಷೆಯದು. ಆಗಲೂ ಸುಮ್ಮನಿದ್ದರೆ ಭಾಷೆಯದಲ್ಲ. ಇದನ್ನು ನೋಡದೆ "ಇಂಗ್ಲಿಷ್ ಕಡೆ ಗಮನ ಕೊಡು" ಅಂತ ದಯವಿಟ್ಟು ಬರೆಯಬೇಡಿ. ಒಂದು ವಾರದಲ್ಲಿ ಯಾರ ಇಂಗ್ಲಿಷೂ ಬದಲಾಗಲ್ಲ. ಪಾಪ, ಹುಡುಗ ಇರೋ ಏಳು ದಿನ ಗ್ರಾಮರ್ ವಿಡಿಯೋ ನೋಡಿಕೊಂಡು ಕೂರುತ್ತಾನೆ.

ಕೋರಮಂಗಲ ಕ್ಯಾಬ್

ಸರ್, ನಿಜವಾದ ಇಂಟರ್‌ವ್ಯೂ ಇಂಗ್ಲಿಷ್‌ನಲ್ಲೇ ಅಲ್ವಾ ನಡೆಯೋದು? ಕನ್ನಡದಲ್ಲಿ ಅಭ್ಯಾಸ ಮಾಡಿಸಿದರೆ ಅಲ್ಲಿ ಹೋಗಿ ಇನ್ನೂ ತಡವರಿಸುತ್ತಾನೆ.

ತುಮಕೂರು ರಸ್ತೆ

ಅಭ್ಯಾಸ ಕನ್ನಡದಲ್ಲಿ ಅಂತ ನಾನು ಹೇಳಲಿಲ್ಲ. ತೊಂದರೆ ಎಲ್ಲಿದೆ ಅಂತ ತಿಳಿಯೋಕೆ ಐದು ನಿಮಿಷ, ಅಷ್ಟೇ. ಭಾಷೆಯದೇ ಅಂತ ಗೊತ್ತಾದರೆ ನಾಲ್ಕೈದು ಸಣ್ಣ ವಾಕ್ಯ ಬಾಯಿಪಾಠ ಮಾಡಿಸುತ್ತೇನೆ. "ಈ ದಾರಿ ಯೋಚಿಸಿದೆ, ಈ ಕಾರಣಕ್ಕೆ ಬಿಡುತ್ತಿದ್ದೇನೆ" ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಒಂದೇ ಸಾಲು ಸಾಕು.

ನೇರಳೆ ಮಾರ್ಗ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಊಟದ ಹೊತ್ತಿಗೆ ಅವನಿಗೆ ಫೋನ್ ಮಾಡಿ, ಏನೂ ಬರೆದು ಕಳಿಸದೆ, ಮೊದಲು ಕೇಳಿದೆ. ಉತ್ತರ ನಾನು ಅಂದುಕೊಂಡ ಹಾಗೆ ಇರಲಿಲ್ಲ.

ಅಕ್ಷರಗಳನ್ನು ಸಾರ್ಟ್ ಮಾಡಿದರೆ ಹೇಗೆ ಅಂತ ಮೊದಲು ಯೋಚಿಸಿದನಂತೆ. ಸಾರ್ಟ್ ಮಾಡಿದರೆ ಕ್ರಮ ಕೆಡುತ್ತದೆ, ತುಂಡು ತುಂಡಾಗಿ ಉಳಿಯಲ್ಲ ಅಂತ ತಾನೇ ಬಿಟ್ಟನಂತೆ. ಆಮೇಲೆ ಒಂದು ಸೆಟ್ ಇಟ್ಟುಕೊಂಡು ಎರಡೂ ತುದಿ ಸರಿಸಿದರೆ ಅಂತ ಹೊಳೆದಿದೆ. ಆದರೆ ಎಡತುದಿ ಒಂದೊಂದೇ ಸರಿಸಿದರೆ ಮತ್ತೆ ನಿಧಾನ ಆಗುತ್ತದೇನೋ ಅಂತ ಅನುಮಾನ ಬಂತು. "ತಪ್ಪು ಹೇಳಿದರೆ ನೀವು ಏನು ಅಂದುಕೊಳ್ಳುತ್ತೀರೋ ಅಂತ ಸುಮ್ಮನಾದೆ ಅಣ್ಣ" ಅಂದ. ಕನ್ನಡದಲ್ಲೂ ಕೇಳಿ ನೋಡಿದೆ ಸರ್. ಭಾಷೆ ಸ್ವಲ್ಪ ಇದೆ, ಆದರೆ ಮುಖ್ಯ ಅದಲ್ಲ.

ಜಯನಗರ 4ನೇ ಬ್ಲಾಕ್

ಆ ಎರಡನೇ ಐಡಿಯಾ ಸರಿಯಾಗಿಯೇ ಇತ್ತು! ಎಡತುದಿ ಒಂದೊಂದೇ ಸರಿದರೂ ಅದು ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಒಟ್ಟಾರೆ ಪ್ರತಿ ಅಕ್ಷರವನ್ನು ಹೆಚ್ಚೆಂದರೆ ಎರಡು ಸಲ ಮುಟ್ಟುತ್ತದೆ, ಅಂದರೆ `O(n)`. ಅವನು ಬಾಯಿಬಿಟ್ಟು ಹೇಳಿದ್ದರೆ ನೀವು "ಒಂದು ಅಕ್ಷರವನ್ನು ಎಷ್ಟು ಸಲ ಮುಟ್ಟುತ್ತೀಯ, ಲೆಕ್ಕ ಹಾಕು" ಅಂತ ಮಾತ್ರ ಅನ್ನುತ್ತಿದ್ದಿರಿ. ಸೊಲ್ಯೂಷನ್ ಅವನದೇ ಆಗಿರುತ್ತಿತ್ತು. ಇದನ್ನು ಅವನಿಗೆ ಖಂಡಿತ ಹೇಳಿ. ಮಾತಾಡದೆ ಇದ್ದದ್ದರಿಂದ ಏನು ಕಳೆದುಕೊಂಡ ಅಂತ ಇದಕ್ಕಿಂತ ಚೆನ್ನಾಗಿ ಯಾವ ಉಪದೇಶವೂ ತೋರಿಸಲ್ಲ.

ನೇರಳೆ ಮಾರ್ಗ

ಹಾಗಾದರೆ ಕಳಿಸೋದು ಇದು. ಓದಿ ಹೇಳಿ:

"ನಿನ್ನೆಯ ರೌಂಡ್ ನಾನು ಮುಂದಕ್ಕೆ ಕಳಿಸುತ್ತಿರಲಿಲ್ಲ. ಕಾರಣ, ಫಾಸ್ಟ್ ಐಡಿಯಾ 19ನೇ ನಿಮಿಷದಲ್ಲಿ ನಾನು ಕೊಟ್ಟೆ, ಕೊನೆಗೂ `abba`ಗೆ ತಪ್ಪು ಉತ್ತರ ಬಂತು. 11ನೇ ನಿಮಿಷದೊಳಗೆ ಬ್ರೂಟ್ ಫೋರ್ಸ್ ಓಡಿಸಿ, ಅದು ನಿಧಾನ ಅಂತ ನೀನೇ ಹೇಳಿದೆ. ಅದನ್ನು ಹಾಗೇ ಇಟ್ಟುಕೋ. ಆಮೇಲೆ ಎಂಟು ನಿಮಿಷ ನಿನ್ನ ತಲೆಯಲ್ಲಿ ಸರಿಯಾದ ಐಡಿಯಾ ಇತ್ತು, ನನಗೆ ಕೇಳಿಸಲಿಲ್ಲ. ಭಾನುವಾರದವರೆಗೆ ಒಂದೇ ಕೆಲಸ: ಯಾವ ಪ್ರಶ್ನೆ ಮಾಡಿದರೂ, ಬಿಟ್ಟ ಪ್ರತಿ ಐಡಿಯಾವನ್ನೂ ಯಾಕೆ ಬಿಟ್ಟೆ ಅಂತ ಜೋರಾಗಿ ಹೇಳು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು. ಜೊತೆಗೆ ಈ ಖಾಲಿ ಟೇಬಲ್ `abba`ಗೆ ತುಂಬಿ ಫೋಟೋ ಕಳಿಸು. ಭಾನುವಾರ ಮತ್ತೆ ಕೂರೋಣ."

ಪ್ರಶ್ನೆ ಕೇಳದೆ ಟೈಪ್ ಮಾಡಲು ಶುರು ಮಾಡಿದ್ದನ್ನು ಬರೆಯಲಿಲ್ಲ. ಬೇಕಾ?

ಜಯನಗರ 4ನೇ ಬ್ಲಾಕ್

ಈಗ ಬೇಡ. ಮೂರನೆಯದು ಸೇರಿಸಿದರೆ ಮೊದಲನೆಯದು ತೆಳುವಾಗುತ್ತದೆ. ನಿಮ್ಮ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ, ಭಾನುವಾರವೂ ಹಾಗೇ ಮಾಡಿದರೆ ಆಗ ಹೇಳಿ.

ಭಾನುವಾರದ ಪ್ರಶ್ನೆ ಸ್ಲೈಡಿಂಗ್ ವಿಂಡೋ ಆಗಿರಬಾರದು. ಅದನ್ನೇ ಕೊಟ್ಟರೆ ನೆನಪಿನಿಂದ ಬರೆಯುತ್ತಾನೆ, ಅಭ್ಯಾಸ ಬದಲಾಗಿದೆಯಾ ಅಂತ ನಿಮಗೆ ಗೊತ್ತಾಗಲ್ಲ. ಒಂದರ ಮೇಲೊಂದು ಬೀಳುವ ಇಂಟರ್ವಲ್‌ಗಳನ್ನು ಸೇರಿಸುವ ಪ್ರಶ್ನೆ ಕೊಡಿ. `[1,3]` ಮತ್ತು `[2,6]` ಇದ್ದರೆ ಎಲ್ಲರೂ ಸರಿ ಮಾಡುತ್ತಾರೆ. `[1,10]` ಮತ್ತು `[2,3]` ಕೊಟ್ಟಾಗ ತುಂಬಾ ಜನ ಕೊನೆಯನ್ನು 3 ಅಂತ ಬರೆದುಬಿಡುತ್ತಾರೆ. ಹಿಂದಕ್ಕೆ ಹೋಗಬಾರದ ತುದಿ ಹಿಂದಕ್ಕೆ ಹೋಗೋದು, ಅಲ್ಲೂ ಅದೇ ತಪ್ಪು. ಟೇಬಲ್ ಹಾಕುವ ಅಭ್ಯಾಸ ಬಂದಿದ್ದರೆ ನೀವು ಹೇಳುವ ಮುಂಚೆ ಅವನೇ ಹಿಡಿಯುತ್ತಾನೆ.

ಬನಶಂಕರಿ ಬಸ್

ಮೊದಲ ಸಾಲೇ "ಮುಂದಕ್ಕೆ ಕಳಿಸುತ್ತಿರಲಿಲ್ಲ" ಅಂತ ಇರೋದು ನನಗೆ ಈಗಲೂ ಸರಿ ಕಾಣುತ್ತಿಲ್ಲ. ಕೊನೆಗೆ ಹಾಕಿ, ಇಲ್ಲ ಫೋನಿನಲ್ಲಿ ಹೇಳಿ. ಬರೆದದ್ದನ್ನು ರಾತ್ರಿ ಒಬ್ಬನೇ ಕೂತು ಹತ್ತು ಸಲ ಓದುತ್ತಾನೆ.

ಕೋರಮಂಗಲ ಕ್ಯಾಬ್

ಕೊನೆಗೆ ಹಾಕಿದರೆ ಅಲ್ಲಿಯವರೆಗೂ ಅದನ್ನೇ ಹುಡುಕುತ್ತಾ ಓದುತ್ತಾನೆ, ನಡುವಿನದು ಒಂದೂ ಓದಲ್ಲ. ಮೊದಲೇ ಇರಲಿ.

ನೇರಳೆ ಮಾರ್ಗ

ಆ ಒಂದು ಸಾಲನ್ನು ಫೋನಿನಲ್ಲಿ ಹೇಳಿ, ಉಳಿದದ್ದನ್ನು ಬರೆದು ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ "ಗೊತ್ತಿತ್ತು ಅಣ್ಣ" ಅಂದ. ಟೇಬಲ್ ಫೋಟೋ ಅದೇ ರಾತ್ರಿ ಬಂತು. ನಾಲ್ಕನೇ ಸಾಲಿನ 1ರ ಸುತ್ತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ `left = max(left, last[c] + 1)` ಅಂತ ಬರೆದಿದ್ದ.

ಭಾನುವಾರ ಇಂಟರ್ವಲ್ ಪ್ರಶ್ನೆ ಕೊಟ್ಟೆ. ಈ ಸಲ ಶುರುವಿನಿಂದಲೇ ಮಾತಾಡಿದ. ಒಮ್ಮೊಮ್ಮೆ ಜಾಸ್ತಿಯೇ ಆಯ್ತು, ಟೈಪ್ ಮಾಡುವ ಪ್ರತಿ ಸಾಲನ್ನೂ ಓದಿ ಹೇಳುತ್ತಿದ್ದ. ಕೋಡ್‌ನಲ್ಲಿ ಮೊದಲು ಅದೇ ತಪ್ಪು ಮಾಡಿದ. ಓಡಿಸುವ ಮುಂಚೆ ಟೇಬಲ್ ಹಾಕಿ, `[1,10]`, `[2,3]` ತಾನೇ ಆರಿಸಿಕೊಂಡು ಹಿಡಿದ. ಹಿಂಟ್ ಒಂದೂ ಕೊಡಲಿಲ್ಲ. ಆದರೆ ಇನ್‌ಪುಟ್ ಸಾರ್ಟ್ ಆಗಿದೆಯಾ ಅಂತ ಕೇಳದೆ, ಆಗಿದೆ ಅಂದುಕೊಂಡು ಶುರು ಮಾಡಿದ. ಅರ್ಧ ದಾರಿಗೆ ಬಂದು ತಿದ್ದಿಕೊಂಡ.

ಜಯನಗರ 4ನೇ ಬ್ಲಾಕ್

ಹಾಗಾದರೆ ಎರಡು ಸಲ ಆಯ್ತು. ಈಗ ಅದನ್ನು ಹೇಳಿ, ಅದೊಂದನ್ನೇ: ಟೈಪ್ ಮಾಡುವ ಮುಂಚೆ ಇನ್‌ಪುಟ್ ಬಗ್ಗೆ ಎರಡು ಪ್ರಶ್ನೆ ಕೇಳು. ಸಾಲು ಸಾಲು ಓದಿ ಹೇಳೋದನ್ನು ಇಂಟರ್‌ವ್ಯೂ ಆಗೋವರೆಗೂ ಮುಟ್ಟಬೇಡಿ, ಈಗ ತಡೆದರೆ ಪೂರ್ತಿ ಸುಮ್ಮನಾಗಿಬಿಡುತ್ತಾನೆ. ಆಮೇಲೆ ಇನ್ನೊಂದು ಮಾಕ್ ಇದ್ದರೆ ಅವನಿಗೆ ಪರಿಚಯವಿಲ್ಲದ ಯಾರಾದರೂ ತಗೊಳ್ಳಲಿ. ನಿಮ್ಮ ಮುಂದೆ ಅವನು ಈಗ ಹೆದರುತ್ತಿಲ್ಲ, ಹೊಸಬರ ಮುಂದೆ ಹೇಗೋ ನೋಡಬೇಕು. ಬೇಕಾದರೆ ಬುಧವಾರ ಸಂಜೆ ನಾನು ಕೂರುತ್ತೇನೆ.

ನೇರಳೆ ಮಾರ್ಗ

ಬುಧವಾರ 7 ಗಂಟೆಗೆ ಆಗುತ್ತಾ ಮೇಡಂ? ಅವನನ್ನು ಕೇಳಿದೆ, ಸರಿ ಅಂದಿದ್ದಾನೆ. ನಾನು ಕಾಲ್‌ನಲ್ಲಿ ಇರಲ್ಲ.